ಕಥೆ ಬರೆದಿದ್ದೀನಿ, ಲೆಕ್ಕ ಗೊತ್ತಿರುವವರು ತಪ್ಪು ಹುಡುಕಿ ಕೊಡಿ

ಮಸಿಕುಡಿಕೆ

ನಮಸ್ಕಾರ. ಒಂದು ಪುಟ್ಟ ಕಥೆ. ನಾನು ಆಡಿಟರ್ ಆಫೀಸಿನಲ್ಲಿ ಎರಡೇ ವರ್ಷ ಇದ್ದವನು, ಅದೂ ಫೈಲ್ ಹೊರುವ ಕೆಲಸ. ಹಾಗಾಗಿ ಲೆಕ್ಕದ ಭಾಗ ನಂಬುವ ಹಾಗಿದೆಯಾ ಅಂತ ಹೇಳಿ. ಭಾಷೆ ಬಗ್ಗೆ ಆಮೇಲೆ ಬೈಯಿರಿ.

*ಎಂಟು*

2023ರ ಸೆಪ್ಟೆಂಬರ್ 29. ಕಾವೇರಿ ಬಂದ್. ಮೈಸೂರಿನ ಬೀದಿಗಳು ಬೆಳಗ್ಗೆಯಿಂದ ಖಾಲಿ. ಆದರೆ ಮಾರನೇ ದಿನ 30ನೇ ತಾರೀಕು, ಟ್ಯಾಕ್ಸ್ ಆಡಿಟ್ ರಿಪೋರ್ಟ್ ಹಾಕಲು ಕಡೇ ದಿನ. ಆಡಿಟರ್ ಆಫೀಸಿಗೆ ಎಲ್ಲಿಯ ಬಂದ್? ರಾತ್ರಿಯಾದರೂ ಶಟರ್ ಅರ್ಧ ಇಳಿಸಿಕೊಂಡು ಗಿರಿಜಾ ಒಬ್ಬಳೇ ಕೂತಿದ್ದಳು. ಸಾರ್ ಬೆಳಗ್ಗೆ ಹತ್ತಕ್ಕೆ ಬಂದು ಡಿಜಿಟಲ್ ಸಹಿ ಒತ್ತುತ್ತಾರೆ. ಅಷ್ಟರಲ್ಲಿ ಕೊನೆಯ ಫೈಲ್ ಮುಗಿದಿರಬೇಕು.

ಕೊನೆಯ ಫೈಲ್ ಒಂದು ಹಾರ್ಡ್‌ವೇರ್ ಅಂಗಡಿಯದು. ಸಿಮೆಂಟು, ಕಬ್ಬಿಣ, ಪೈಪು. ಅಂಗಡಿಯ ಖಾತೆ ಒಂದು ಸಣ್ಣ ಸಹಕಾರಿ ಬ್ಯಾಂಕಿನಲ್ಲಿತ್ತು. ಅಲ್ಲಿ ಸ್ಟೇಟ್‌ಮೆಂಟ್ ಕೇಳಿದರೆ ರಿಬ್ಬನ್ ಪ್ರಿಂಟರಿನಲ್ಲಿ ಕರ್ರ್ ಅಂತ ಹೊಡೆದು ಕೈಗೆ ಕೊಡುತ್ತಾರೆ, ಅಷ್ಟೇ. ಇಪ್ಪತ್ತಾರು ಹಾಳೆ. ಆರ್ಟಿಕಲ್ ಹುಡುಗ ಅದನ್ನೆಲ್ಲ ಸ್ಕ್ಯಾನ್ ಮಾಡಿ, ಒಸಿಆರ್‌ನಲ್ಲಿ ಓದಿಸಿ, ಎಕ್ಸೆಲ್‌ಗೆ ಇಳಿಸಿ, ಅಲ್ಲಿಂದ ಟ್ಯಾಲಿಗೆ ಏರಿಸಿದ್ದ. ಬ್ಯಾಲೆನ್ಸ್ ಶೀಟ್ ತಾಳೆಯಾಗಿತ್ತು.

ಗಿರಿಜಾ ಸುಮ್ನೆ ಬಾಕಿದಾರರ ಪಟ್ಟಿ ಮೇಲೆ ಕಣ್ಣಾಡಿಸಿದಳು. 18,742. 7,365. 31,208. ಅಂಗಡಿ ಬಾಕಿ ಅಂದರೆ ಹಾಗೇ ಇರುತ್ತದೆ, ಚಿಲ್ಲರೆ ಚಿಲ್ಲರೆ. ನಡುವೆ ಒಬ್ಬ ಕಂಟ್ರಾಕ್ಟರ್ ಹೆಸರಿನ ಮುಂದೆ 50,000. ಮೊಳೆ, ಪೈಪು ಕೊಂಡವನ ಬಾಕಿ ಇಷ್ಟು ದುಂಡಗೆ ಹೇಗಿದೆ?

ಕಂಟ್ರಾಕ್ಟರಿಗೆ ಆ ಹೊತ್ತಲ್ಲಿ ಫೋನ್ ಮಾಡುವ ಹಾಗಿರಲಿಲ್ಲ. ಅಂಗಡಿ ಮಾಲೀಕರಿಗೆ ಮಾಡಿದಳು. ಬಂದ್ ಅಂತ ಮನೆಯಲ್ಲೇ ಇದ್ದರು. "ಅಯ್ಯೋ, ಅವನದ್ದು ಜನವರಿಯಲ್ಲೇ ಪೂರ್ತಿ ಚುಕ್ತಾ ಆಗಿದೆಯಲ್ಲಮ್ಮ" ಅಂದರು.

ಫೈಲಿನಲ್ಲಿ ಮಾಲೀಕರು ಮಾರ್ಚ್ 31ರ ಸಂಜೆ ಗಲ್ಲಾಪೆಟ್ಟಿಗೆ ಎಣಿಸಿ ಬರೆದುಕೊಟ್ಟ ಚೀಟಿ ಇತ್ತು. ನಗದು 56,300. ಪುಸ್ತಕದಲ್ಲಿ ನಗದು 6,300. ಮತ್ತೆ ಅದೇ ಐವತ್ತು ಸಾವಿರ. ನಗದು ಖಾತೆ ತೆಗೆದಳು. ಮಾರ್ಚ್ 31ಕ್ಕೆ ಒಂದು ಕಾಂಟ್ರಾ ಎಂಟ್ರಿ: ನಗದಿನಿಂದ ಬ್ಯಾಂಕಿಗೆ ಜಮೆ, 50,000. ಬ್ಯಾಂಕಿನ ಹಾಳೆಯಲ್ಲಿ ಆ ದಿನ ಯಾವ ಜಮೆಯೂ ಇರಲಿಲ್ಲ.

ಹುಡುಗ ಏನು ಮಾಡಿದ್ದ ಅಂತ ಗೊತ್ತಾಯಿತು. ಕೊನೆಯ ಬ್ಯಾಲೆನ್ಸ್ ಬ್ಯಾಂಕಿನದ್ದಕ್ಕಿಂತ ಐವತ್ತು ಸಾವಿರ ಕಮ್ಮಿ ಬಂದಿದೆ. ಮಾಲೀಕರು ನಗದು ಕಟ್ಟಿದ್ದು ಬರೆಯೋಕೆ ಬಿಟ್ಟುಹೋಗಿದೆ ಅಂದುಕೊಂಡು ಸೇರಿಸಿಬಿಟ್ಟಿದ್ದಾನೆ.

ಜನವರಿಯ ಹಾಳೆ ಹುಡುಕಿದಳು. ಹದಿನೇಳನೇ ತಾರೀಕು, ಕಂಟ್ರಾಕ್ಟರ್ ಚೆಕ್ಕು. ಎಕ್ಸೆಲ್‌ನಲ್ಲಿ 1,36,400. ಹಾಳೆಯನ್ನು ಟ್ಯೂಬ್‌ಲೈಟಿಗೆ ಹಿಡಿದಳು. ಒಣಗಿದ ರಿಬ್ಬನ್ನು. ಎರಡನೇ ಅಂಕಿಯ ಎಡಗಡೆ ಮಸಿಯೇ ಹತ್ತಿಲ್ಲ, ಎರಡು ಚುಕ್ಕೆ ಇದೆಯೋ ಇಲ್ಲವೋ. ಮೂರು ಅಂದರೆ ಮೂರು, ಎಂಟು ಅಂದರೆ ಎಂಟು. ಅವಳು ಕಣ್ಣನ್ನು ನಂಬಲಿಲ್ಲ, ಕಳೆದು ನೋಡಿದಳು. ಮೇಲಿನ ಸಾಲಿನ ಬ್ಯಾಲೆನ್ಸ್ 4,12,350. ಈ ಸಾಲಿನದು 5,98,750. ಕಳೆದರೆ 1,86,400.

ಎಂಟು.

ಕಾಂಟ್ರಾ ತೆಗೆದು ಚೆಕ್ಕಿನ ಮೊತ್ತ ತಿದ್ದಿದಳು. ಬಾಕಿ ಸೊನ್ನೆಯಾಯಿತು. ನಗದು 56,300 ಆಯಿತು. ಬ್ಯಾಲೆನ್ಸ್ ಶೀಟಿನ ಒಟ್ಟು ಮೊತ್ತ ಒಂದು ರೂಪಾಯಿ ಕೂಡ ಅಲುಗಲಿಲ್ಲ. ಗಿರಿಜಾಗೆ ಹೆದರಿಕೆಯಾಗಿದ್ದು ಆಗ.

ಕಟ್ಟೆಪುರಾಣ

ಬಂದ್ ದಿನ ಶಟರ್ ಅರ್ಧ ತೆಗೆದಿದ್ರಾ, ಅದೂ ಮೈಸೂರಲ್ಲಿ? ಧೈರ್ಯ ಮೆಚ್ಚಬೇಕು.

ಬಡ್ಡಿಲೆಕ್ಕ

ಕಥೆ ಚೆನ್ನಾಗಿದೆ. ಆದರೆ ಗಿರಿಜಾ ಇಷ್ಟು ಸುತ್ತಬೇಕಿರಲಿಲ್ಲ. ತಾಳೆ ಆಗದಿದ್ದಾಗ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಬೇಕು. ಶೇಷ ಬರದಿದ್ದರೆ ಅಂಕಿ ತಪ್ಪಾಗಿದೆ ಅಂತ ಅರ್ಥ. ನಮ್ಮ ಬಿ.ಕಾಂ ಮೇಷ್ಟ್ರು ಹೇಳಿಕೊಟ್ಟಿದ್ದು. ಐದು ನಿಮಿಷದ ಕೆಲಸ.

ಆಡಿಟರ್_ಆಫೀಸ್_ಹಳಬ

@ಬಡ್ಡಿಲೆಕ್ಕ ಮೇಷ್ಟ್ರು ಹೇಳಿದ್ದು ಸರಿ, ನೀವು ಹಾಕಿದ ಜಾಗ ತಪ್ಪು. 50,000ವನ್ನು 9ರಿಂದ ಭಾಗಿಸಿ ನೋಡಿ. ಹೋಗಲ್ಲ.

ಒಂಬತ್ತರ ಉಪಾಯ ಕೈಯಲ್ಲಿ ಬರೆಯುವಾಗ ಆಗುವ ತಪ್ಪಿಗೆ. 5,640 ಬರೆಯೋ ಬದಲು 5,460 ಬರೆದರೆ ವ್ಯತ್ಯಾಸ 180, ಭಾಗ ಹೋಗುತ್ತೆ. ಅಕ್ಕಪಕ್ಕದ ಅಂಕಿ ಅದಲುಬದಲಾದಾಗಲೆಲ್ಲ ಹೋಗುತ್ತೆ. ಒಂದು ಸೊನ್ನೆ ಜಾಸ್ತಿ ಬಿದ್ದರೂ ಹೋಗುತ್ತೆ. ಆದರೆ ಮಿಷನ್ನು ಅಂಕಿಯನ್ನು ಅದಲುಬದಲು ಮಾಡಲ್ಲ. ಒಂದು ಅಂಕಿಯನ್ನು ಇನ್ನೊಂದು ಅಂತ ಓದುತ್ತೆ. 8 ಹೋಗಿ 3, 1 ಹೋಗಿ 7, 6 ಹೋಗಿ 8.

ಆಗ ವ್ಯತ್ಯಾಸದ ಮುಖವೇ ಬೇರೆ. ಒಂದೇ ಒಂದು ಅಂಕಿ, ಅದರ ಹಿಂದೆ ಬರೀ ಸೊನ್ನೆ. 8 ಮತ್ತು 3 ಆದರೆ 5. ಅದು ಹತ್ತು ಸಾವಿರದ ಸ್ಥಾನದಲ್ಲಿದ್ದರೆ 50,000, ನೂರರಲ್ಲಿದ್ದರೆ 500. 1 ಮತ್ತು 7 ಆದರೆ 6, ಹಿಂದೆ ಸೊನ್ನೆ. ಈ ಕಥೆಯಲ್ಲಿ ನನಗೆ ಹಿಡಿಸಿದ್ದೇ ಅದು. ಹುಡುಗ ಮೋಸ ಹೋಗಿದ್ದು ಯಾಕೆ? ವ್ಯತ್ಯಾಸ ದುಂಡಗಿತ್ತು. 47,318 ಬಂದಿದ್ದರೆ ತಲೆ ಕೆರೆದುಕೊಂಡು ಹುಡುಕುತ್ತಿದ್ದ. 50,000 ಬಂತು. ಐವತ್ತು ಸಾವಿರ ಅಂದರೆ ಯಾರೋ ಕಟ್ಟಿದ ದುಡ್ಡಿನ ಹಾಗೇ ಕಾಣುತ್ತೆ ಅಲ್ವಾ? ಕೈಸಾಲ, ನಗದು ಜಮೆ, ಮನೆಖರ್ಚಿಗೆ ತೆಗೆದಿದ್ದು, ಎಲ್ಲ ಇಂಥ ದುಂಡು ಮೊತ್ತವೇ. ಒಸಿಆರ್ ತಪ್ಪು ವ್ಯವಹಾರದ ವೇಷ ಹಾಕಿಕೊಂಡು ಬರುತ್ತೆ.

ಬಡ್ಡಿಲೆಕ್ಕ

ಸರಿ ಸಾರ್, ಒಪ್ಪಿದೆ. ಆದರೆ 0 ಹೋಗಿ 9 ಆದರೆ? ವ್ಯತ್ಯಾಸ 9,000. ಅದು 9ರಿಂದ ಹೋಗುತ್ತೆ. ಅಲ್ಲಿಗೆ ನಿಮ್ಮ ಮುಖ ನೋಡುವ ಶಾಸ್ತ್ರವೂ ಕೈ ಕೊಟ್ಟಿತು. 😀

ಆಡಿಟರ್_ಆಫೀಸ್_ಹಳಬ

ಕೊಟ್ಟಿತು. ಆಗ ಎರಡು ಕಡೆಯೂ ಹುಡುಕಬೇಕು.

ಪಾಸ್‌ಬುಕ್_ಪಾರ್ವತಿ

ನನಗೂ ಹೀಗೇ ಆಗಿದೆ. ಅಕೌಂಟ್ ನಂಬರಿನಲ್ಲಿ ಒಂದು ಅಂಕಿ ತಪ್ಪಾಗಿ ಇನ್‌ಕಮ್ ಟ್ಯಾಕ್ಸ್ ರಿಫಂಡ್ ಬರಲೇ ಇಲ್ಲ. ಆ ಹಾರ್ಡ್‌ವೇರ್ ಅಂಗಡಿಯವರಿಗೆ 50,000 ವಾಪಸ್ ಬಂತಾ? ಎಷ್ಟು ದಿನಕ್ಕೆ ಬಂತು?

ಕಟ್ಟೆಪುರಾಣ

ಅಕ್ಕಾ, ಅವರ ದುಡ್ಡು ಎಲ್ಲೂ ಹೋಗಿಲ್ಲ. ಬ್ಯಾಂಕಿನಲ್ಲಿ ಸರಿಯಾಗೇ ಇದೆ. ಪುಸ್ತಕದಲ್ಲಿ ಮಾತ್ರ ತಪ್ಪು. ನಿಮ್ಮ ರಿಫಂಡ್‌ಗೆ ಪೋರ್ಟಲ್‌ನಲ್ಲಿ ಹೋಗಿ ಬ್ಯಾಂಕ್ ಅಕೌಂಟ್ ವ್ಯಾಲಿಡೇಟ್ ಮಾಡಿ, ಆಮೇಲೆ ರಿಫಂಡ್ ಮತ್ತೆ ಕಳಿಸಿ ಅಂತ ಕೋರಿಕೆ ಹಾಕಿ.

ಪಾಸ್‌ಬುಕ್_ಪಾರ್ವತಿ

ಮಾಡಿದೆ. "ಹೆಸರು ಹೊಂದುತ್ತಿಲ್ಲ" ಅನ್ನುತ್ತೆ. ಪ್ಯಾನ್‌ನಲ್ಲಿ ಇನಿಷಿಯಲ್ ಹಿಂದೆ, ಬ್ಯಾಂಕಿನಲ್ಲಿ ಮುಂದೆ.

ಎಕ್ಸೆಲ್_ರಾಣಿ

ನನ್ನ ತಕರಾರು ಗಿರಿಜಾ ಮೇಲಲ್ಲ, ಆ ಹುಡುಗನ ಮೇಲೆ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಪ್ರತಿ ಸಾಲಿನ ಕೊನೆಗೂ ಬ್ಯಾಲೆನ್ಸ್ ಇರುತ್ತೆ. ಮೇಲಿನ ಬ್ಯಾಲೆನ್ಸಿಗೆ ಜಮೆ ಕೂಡಿಸಿ, ತೆಗೆದದ್ದು ಕಳೆದರೆ ಕೆಳಗಿನದು ಬರಲೇಬೇಕು. ತಪ್ಪು ಹಿಡಿಯುವ ಸಾಧನವನ್ನು ಬ್ಯಾಂಕಿನವರೇ ಪುಕ್ಕಟೆ ಕೊಟ್ಟಿದ್ದಾರೆ. D ತೆಗೆದದ್ದು, E ಜಮೆ, F ಬ್ಯಾಲೆನ್ಸ್ ಅಂತಿಟ್ಟುಕೊಳ್ಳಿ. ಮೂರನೇ ಸಾಲಿನಿಂದ ಇದನ್ನು ಹಾಕಿ ಕೊನೆಯವರೆಗೆ ಎಳೆಯಿರಿ:

```
=ROUND(F2+E3-D3-F3,2)
```

ಎಲ್ಲಾ ಕಡೆ 0 ಬರಬೇಕು. ಜನವರಿ 17ರ ಸಾಲಿನಲ್ಲಿ -50000 ಅಂತ ಎದ್ದು ಕಾಣುತ್ತಿತ್ತು. ಟ್ಯೂಬ್‌ಲೈಟ್ ಬೇಡ, ಮಾಲೀಕರ ನಿದ್ದೆಗೆಡಿಸೋದು ಬೇಡ.

ಇನ್ನೊಂದು ಮಜಾ ಇದೆ. ಜಮೆ ಅಥವಾ ತೆಗೆದ ಮೊತ್ತ ತಪ್ಪಾಗಿದ್ದರೆ ಒಂದೇ ಸಾಲು ಕೆಡುತ್ತೆ. ಬ್ಯಾಲೆನ್ಸನ್ನೇ ತಪ್ಪು ಓದಿದ್ದರೆ ಅಕ್ಕಪಕ್ಕದ ಎರಡು ಸಾಲು ಕೆಡುತ್ತವೆ, ಒಂದರಲ್ಲಿ +5000 ಇದ್ದರೆ ಮುಂದಿನದರಲ್ಲಿ -5000. ಹಾಗೆ ಜೋಡಿ ಕಂಡರೆ ಮೊತ್ತ ಮುಟ್ಟಲೇಬೇಡಿ, ಬ್ಯಾಲೆನ್ಸ್ ತಿದ್ದಿ.

ಮಸಿಕುಡಿಕೆ

@ಎಕ್ಸೆಲ್_ರಾಣಿ ಅಯ್ಯೋ, ಇದು ನನಗೆ ಗೊತ್ತೇ ಇರಲಿಲ್ಲ. ಆದರೆ ಆ ಹುಡುಗ ಬ್ಯಾಲೆನ್ಸ್ ಕಾಲಮ್ ಅಳಿಸಿಬಿಟ್ಟಿದ್ದ ಅಂದರೆ ನಂಬಬಹುದಾ? ನಮ್ಮ ಆಫೀಸಿನಲ್ಲಿ ಟ್ಯಾಲಿಗೆ ಏರಿಸುವ ಮುಂಚೆ ಬೇಡದ ಕಾಲಮ್ ಎಲ್ಲ ತೆಗೆದುಬಿಡುತ್ತಿದ್ದರು. ಟ್ಯಾಲಿ ತಾನೇ ಬ್ಯಾಲೆನ್ಸ್ ಹಾಕಿಕೊಳ್ಳುತ್ತೆ ಅಂತ.

ಎಕ್ಸೆಲ್_ರಾಣಿ

ನಂಬಬಹುದು ಅಲ್ಲ, ಎಲ್ಲರೂ ಅದನ್ನೇ ಮಾಡೋದು! ಇನ್ನು ಕೆಲವರು ಅಳಿಸಲ್ಲ, ಬ್ಯಾಲೆನ್ಸ್ ಕಾಲಮ್‌ಗೆ ಫಾರ್ಮುಲಾ ಹಾಕಿ "ಸರಿ" ಮಾಡುತ್ತಾರೆ. ಅದು ಇನ್ನೂ ಕೆಟ್ಟದ್ದು. ನಾವೇ ಕೂಡಿ, ನಾವೇ ತಾಳೆ ನೋಡಿ, ನಾವೇ ಭೇಷ್ ಅನ್ನೋದು. ಕಥೆಯಲ್ಲಿ ಅಳಿಸಿದ್ದನ್ನು ಒಂದು ಸಾಲು ಬರೀರಿ. ಆಗ ಗಿರಿಜಾ ಹಾಳೆಗೇ ಹೋಗಿದ್ದಕ್ಕೆ ಕಾರಣ ಸಿಗುತ್ತೆ.

ಸರಗೂರು_ಸೀನ

ಟ್ಯಾಲಿಯಲ್ಲಿ ಬಿಆರ್‌ಎಸ್ ಅಂತ, ಪುಸ್ತಕವನ್ನು ಬ್ಯಾಂಕಿನ ಲೆಕ್ಕಕ್ಕೆ ಹೊಂದಿಸಿ ನೋಡೋದು, ಒಂದಿದೆ, ಯಾರೂ ಕೇಳಿಲ್ವಾ? ಮಾರ್ಚ್ 31ರ ಕಾಂಟ್ರಾಗೆ ಬ್ಯಾಂಕ್ ದಿನಾಂಕ ಸಿಗದೆ ಅಲ್ಲೇ ಸಿಕ್ಕಿಬೀಳುತ್ತಿತ್ತು.

ಆಡಿಟರ್_ಆಫೀಸ್_ಹಳಬ

ಬಿಆರ್‌ಎಸ್ ಮಾಡಿದ್ದರೆ ನಿಜ. ಆದರೆ ಸೀಸನ್ನಿನಲ್ಲಿ ನಡೆಯೋದೇನು ಗೊತ್ತಾ? ಬ್ಯಾಂಕ್ ಎಂಟ್ರಿ ಬಂದಿದ್ದೇ ಬ್ಯಾಂಕಿನ ಹಾಳೆಯಿಂದ, ಮತ್ತೆ ಅದಕ್ಕೇ ಅದನ್ನು ಹೊಂದಿಸೋದು ಯಾಕೆ ಅಂತ ಎಂಟ್ರಿ ದಿನಾಂಕವನ್ನೇ ಬ್ಯಾಂಕ್ ದಿನಾಂಕ ಅಂತ ತುಂಬಿಬಿಡುತ್ತಾರೆ. ಕೊನೆಯ ಬ್ಯಾಲೆನ್ಸ್ ಒಂದು ಕೂಡಿದರೆ ಆಯಿತು. ಪುಸ್ತಕ ಬೇರೆ, ಬ್ಯಾಂಕ್ ಬೇರೆ ಇದ್ದಾಗ ಬಿಆರ್‌ಎಸ್‌ಗೆ ಬೆಲೆ. ಒಂದನ್ನೇ ನೋಡಿ ಇನ್ನೊಂದನ್ನು ಬರೆದಾಗ ಹೊಂದಿಸೋದು ಏನನ್ನು?

ಮಾವಿನತೋಪು

ಒಂದು ಪ್ರಶ್ನೆ, ಬೈಯಬೇಡಿ. ಮಾರಾಟ ಬಿಲ್ಲಿನಿಂದ ಬರುತ್ತೆ, ಚೆಕ್ಕಿನಿಂದ ಅಲ್ಲ. ಅಂದಮೇಲೆ ಲಾಭ ಬದಲಾಗಿಲ್ಲ. ತೆರಿಗೆಯೂ ಬದಲಾಗಿಲ್ಲ. ಬಾಕಿ ಐವತ್ತು ಸಾವಿರ ಜಾಸ್ತಿ, ನಗದು ಐವತ್ತು ಸಾವಿರ ಕಮ್ಮಿ, ಎರಡೂ ಒಂದೇ ಕಡೆ, ಅದಕ್ಕೇ ಒಟ್ಟು ಮೊತ್ತ ಅಲುಗಲಿಲ್ಲ. ಹಾಗಿದ್ದರೆ ಗಿರಿಜಾಗೆ ಹೆದರಿಕೆ ಯಾಕೆ? ರಾತ್ರಿ ಹನ್ನೊಂದಕ್ಕೆ ಇದನ್ನು ಬಿಟ್ಟು ಮನೆಗೆ ಹೋಗಿದ್ದರೆ ಆಕಾಶ ಬೀಳುತ್ತಿತ್ತಾ?

ಬಡ್ಡಿಲೆಕ್ಕ

ಇದು ಸರಿಯಾದ ಪ್ರಶ್ನೆ. ನಾನಾಗಿದ್ದರೆ ಮುಂದಿನ ವರ್ಷ ಸರಿ ಮಾಡೋಣ ಅಂತ ಎದ್ದುಹೋಗುತ್ತಿದ್ದೆ.

ಆಡಿಟರ್_ಆಫೀಸ್_ಹಳಬ

ಆ "ಮುಂದಿನ ವರ್ಷ" ಹೇಗಿರುತ್ತೆ ಹೇಳ್ತೀನಿ ಕೇಳಿ. ಇದು ಕಥೆಯಲ್ಲ, ಕಂಡಿದ್ದು. ಕಂಟ್ರಾಕ್ಟರ್ ಹೆಸರಲ್ಲಿ 50,000 ಬಾಕಿ ಹಾಗೇ ನಿಂತಿರುತ್ತೆ. ಅವನು ಕೊಡಬೇಕಾಗಿಲ್ಲ, ಕೊಡಲ್ಲ. ಆ ಹುಡುಗ ಆರ್ಟಿಕಲ್ ಮುಗಿಸಿ ಬೇರೆ ಊರಿಗೆ ಹೋಗಿರುತ್ತಾನೆ. ಎರಡು ವರ್ಷ ಆದಮೇಲೆ ಹೊಸಬ ಯಾರೋ ನೋಡಿ "ಇದು ಬರೋ ದುಡ್ಡಲ್ಲ" ಅಂತ ಬ್ಯಾಡ್ ಡೆಟ್ ಬರೆದುಹಾಕುತ್ತಾನೆ. ಅಲ್ಲಿಗೆ ಇಲ್ಲದ ಖರ್ಚು ಲಾಭದಿಂದ ಕಳೆಯಿತು. ಈಗ ತೆರಿಗೆ ಬದಲಾಯಿತಲ್ಲ?

ಇನ್ನೊಂದು ಕಡೆ ಗಲ್ಲಾಪೆಟ್ಟಿಗೆಯಲ್ಲಿ ಪುಸ್ತಕಕ್ಕಿಂತ ಐವತ್ತು ಸಾವಿರ ಜಾಸ್ತಿ ಇರುತ್ತೆ. ಮಾಲೀಕರಿಗೆ ಅದು ಅವರದ್ದೇ ದುಡ್ಡು, ಮನೆಗೆ ಒಯ್ಯುತ್ತಾರೆ. ಮುಂದೊಂದು ದಿನ ಪುಸ್ತಕದಲ್ಲಿ ನಗದು ಮೈನಸ್ ತೋರಿಸುತ್ತೆ. ಇಲ್ಲದ ನಗದಿನಲ್ಲಿ ಸಾಮಾನು ಕೊಂಡಿದ್ದು ಹೇಗೆ ಅಂತ ಯಾರಾದರೂ ಕೇಳಿದರೆ ಉತ್ತರ ಯಾರ ಹತ್ತಿರವೂ ಇರಲ್ಲ.

ಆಮೇಲೆ ಆ ಕಾಂಟ್ರಾ. "ನಾನು ಬ್ಯಾಂಕಿಗೆ 50,000 ನಗದು ಕಟ್ಟಿದೆ" ಅಂತ ನಿಮ್ಮ ಪುಸ್ತಕ ಹೇಳುತ್ತೆ. ಬ್ಯಾಂಕ್ ಇಲ್ಲ ಅನ್ನುತ್ತೆ. ಮೂರು ಓದಿದ್ದು ಮಿಷನ್ನು. ಈ ಸುಳ್ಳು ಬರೆದದ್ದು ಮನುಷ್ಯ.

ಮಾವಿನತೋಪು

ಬ್ಯಾಡ್ ಡೆಟ್ ವಿಷಯ ಒಪ್ಪುತ್ತೇನೆ. ಆದರೆ ಆ ರಾತ್ರಿಯೇ ಸರಿ ಮಾಡಬೇಕಿತ್ತು ಅನ್ನೋದನ್ನು ಒಪ್ಪಲ್ಲ. ರಿಪೋರ್ಟ್ ಹಾಕಿ, ಆಮೇಲೆ ರಿವೈಸ್ ಮಾಡಬಹುದಿತ್ತು. ಆ ವರ್ಷ ಡಿಸೆಂಬರ್ 31ರವರೆಗೆ ಟೈಮ್ ಇತ್ತಲ್ಲ.

ಸರಗೂರು_ಸೀನ

ಡಿಸೆಂಬರ್ 31 ರಿಟರ್ನ್‌ಗೆ. ಆಡಿಟ್ ರಿಪೋರ್ಟ್ ಬೇರೆ, ರಿಟರ್ನ್ ಬೇರೆ. ರಿಪೋರ್ಟನ್ನು ಆಡಿಟರ್ ತಮ್ಮ ಲಾಗಿನ್‌ನಲ್ಲಿ ಯುಡಿಐಎನ್ ನಂಬರ್ ಹಾಕಿ ಏರಿಸಬೇಕು, ಪಾರ್ಟಿ ತನ್ನ ಲಾಗಿನ್‌ನಲ್ಲಿ ಒಪ್ಪಬೇಕು. ಅದರ ರಿವಿಷನ್‌ಗೆ ನಿಯಮದಲ್ಲಿ ಹೇಳಿರೋ ಕಾರಣವೇ ಬೇರೆ, ಆಮೇಲೆ ಯಾವುದೋ ಬಾಕಿ ಕಟ್ಟಿ ಲೆಕ್ಕ ಬದಲಾದರೆ ಅಂತ. "ಹುಡುಗ ಎಂಟನ್ನು ಮೂರು ಓದಿದ" ಅನ್ನೋದು ಅಲ್ಲಿ ಇಲ್ಲ.

ಮಾವಿನತೋಪು

ಪೋರ್ಟಲ್‌ನಲ್ಲಿ ರಿವೈಸ್ಡ್ ಅಂತ ಆಯ್ಕೆ ಕೊಟ್ಟಿದ್ದಾರಲ್ಲ, ಜನ ಹಾಕುತ್ತಲೂ ಇದ್ದಾರೆ.

ಸರಗೂರು_ಸೀನ

ಬಾಗಿಲು ತೆಗೆದಿದೆ ಅಂತ ಎಲ್ಲರೂ ನುಗ್ಗಬಹುದು ಅಂತಲ್ಲ ಸ್ವಾಮಿ.

ಆಡಿಟರ್_ಆಫೀಸ್_ಹಳಬ

ಇದರ ಬಗ್ಗೆ ನನ್ನ ಗೆಳೆಯರಲ್ಲೇ ಎರಡು ಮಾತಿದೆ. ಒಂದಂತೂ ಸತ್ಯ. ಸಹಿ ಹಾಕುವ ಮುಂಚೆ ತಿದ್ದಿದರೆ ಅದು ಎರಡು ನಿಮಿಷದ ಕೆಲಸ. ಸಹಿ ಆದಮೇಲೆ ಅದೇ ತಪ್ಪಿಗೆ ಪತ್ರ ಬರೆಯಬೇಕು, ಕಾರಣ ಹೇಳಬೇಕು. ತಡ ಮಾಡುವ ಹಾಗೂ ಇರಲಿಲ್ಲ. ಆಗ ಗಡುವು ತಪ್ಪಿದರೆ ವಹಿವಾಟಿನ ಅರ್ಧ ಪರ್ಸೆಂಟ್ ದಂಡ ಇತ್ತು, ಗರಿಷ್ಠ ಒಂದೂವರೆ ಲಕ್ಷ. ಗಿರಿಜಾ ಆ ರಾತ್ರಿ ಕೂತಿದ್ದಕ್ಕೆ ಅಷ್ಟು ಸಾಕು.

ಕಟ್ಟೆಪುರಾಣ

ನಮ್ಮ ತಾತ ಸೊಸೈಟಿ ಲೆಕ್ಕ ಬರೆಯುತ್ತಿದ್ದರು, ಪೂರ್ತಿ ಕನ್ನಡ ಅಂಕಿಯಲ್ಲಿ. ಮಸಿ ಸ್ವಲ್ಪ ಹರಡಿದರೆ ೧ ಬಾಯಿ ಮುಚ್ಚಿಕೊಂಡು ೦ ಆಗುತ್ತಿತ್ತಂತೆ. ೩ರ ಬಾಲ ಉದ್ದವಾದರೆ ೬. ಅದಕ್ಕೇ ಪ್ರತಿ ಮೊತ್ತದ ಕೆಳಗೆ ಅಕ್ಷರದಲ್ಲೂ ಬರೆಯುತ್ತಿದ್ದರು. "ಅಂಕಿಗೆ ಸಾಕ್ಷಿ ಬೇಕು ಕಣೋ" ಅನ್ನುತ್ತಿದ್ದರು. ಒಸಿಆರ್ ಇಲ್ಲದ ಕಾಲದಲ್ಲೂ ಇದೇ ಗೋಳು.

ಎಕ್ಸೆಲ್_ರಾಣಿ

ತಾತನ ಅಕ್ಷರದ ಸಾಲು, ಬ್ಯಾಂಕಿನ ಬ್ಯಾಲೆನ್ಸ್ ಕಾಲಮ್, ಎರಡೂ ಒಂದೇ ಕೆಲಸ ಮಾಡೋದು. ಚೆನ್ನಾಗಿದೆ.

ಪಾಸ್‌ಬುಕ್_ಪಾರ್ವತಿ

ಆ ಬ್ಯಾಂಕಿನಿಂದ ಪಿಡಿಎಫ್ ಕೇಳಬಹುದಿತ್ತಲ್ಲ? ಪಿಡಿಎಫ್ ಇದ್ದರೆ ತಪ್ಪೇ ಬರಲ್ಲ ಅಂತ ನಮ್ಮ ಮಗ ಹೇಳ್ತಾನೆ.

ಎಕ್ಸೆಲ್_ರಾಣಿ

ಮಗ ಅರ್ಧ ಸರಿ ಅಕ್ಕ. ಪಿಡಿಎಫ್ ತೆರೆದು ಒಂದು ಅಂಕಿಯನ್ನು ಮೌಸಿನಲ್ಲಿ ಸೆಲೆಕ್ಟ್ ಮಾಡಿ ನೋಡಲಿ. ಸೆಲೆಕ್ಟ್ ಆದರೆ ಸಾಮಾನ್ಯವಾಗಿ ಅದು ನಿಜವಾದ ಅಕ್ಷರ, ಹಾಗಿದ್ದಾಗ 8 ಹೋಗಿ 3 ಆಗಲ್ಲ. ಸೆಲೆಕ್ಟ್ ಆಗದಿದ್ದರೆ ಅದು ಬರೀ ಫೋಟೋ, ಹಾಳೆ ಸ್ಕ್ಯಾನ್ ಮಾಡಿದ್ದಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ. ಅಕ್ಷರದ ಪಿಡಿಎಫ್‌ನಲ್ಲೂ ಕಾಲಮ್ ಜಾರುತ್ತೆ, ಜಮೆ ಹೋಗಿ ತೆಗೆದದ್ದರಲ್ಲಿ ಕೂರುತ್ತೆ. ಆಗ ವ್ಯತ್ಯಾಸ ಆ ಮೊತ್ತದ ಎರಡರಷ್ಟು ಬರುತ್ತೆ. ಅರ್ಧ ಮಾಡಿ ಹುಡುಕಿದರೆ ಸಿಗುತ್ತೆ.

ಮಾವಿನತೋಪು

ಕಥೆಯ ಬಗ್ಗೆ ಯಾರೂ ಮಾತಾಡಲಿಲ್ಲ, ನಾನೇ ಹೇಳ್ತೀನಿ. "ಎಂಟು." ಅಂತ ಒಂದೇ ಪದದ ಸಾಲು ಇದೆಯಲ್ಲ, ಅದು ಸಿನಿಮಾ ತರ ಆಯಿತು. ಹಿನ್ನೆಲೆ ಸಂಗೀತ ಕೇಳಿಸಿತು. 1,86,400 ಅಂದಮೇಲೆ ಎಂಟು ಅಂತ ನಮಗೇ ಗೊತ್ತಾಗಲ್ವಾ?

ಬಡ್ಡಿಲೆಕ್ಕ

ನನಗೆ ಆ ಸಾಲೇ ಇಷ್ಟವಾಗಿದ್ದು.

ಆಡಿಟರ್_ಆಫೀಸ್_ಹಳಬ

ನನ್ನ ದೂರು ಬೇರೆ. ಗಿರಿಜಾ ಒಂದು ತಪ್ಪು ಹಿಡಿದು ನಿಲ್ಲಿಸಿದ್ದಾಳೆ. ಅದೇ ಒಣಗಿದ ರಿಬ್ಬನ್ನಿನಲ್ಲಿ ಇಪ್ಪತ್ತಾರು ಹಾಳೆ ಹೊಡೆದಿದ್ದಾರೆ. ಕೊನೆಯ ಬ್ಯಾಲೆನ್ಸ್ ಈಗ ಕೂಡಿತು, ನಿಜ. ಆದರೆ ಒಂದು ಕಡೆ ಜಮೆಯಲ್ಲಿ 8 ಹೋಗಿ 3 ಆಗಿ, ಇನ್ನೊಂದು ಕಡೆ ಅದೇ ಸ್ಥಾನದಲ್ಲಿ ತೆಗೆದದ್ದರಲ್ಲೂ 8 ಹೋಗಿ 3 ಆಗಿದ್ದರೆ? 500 ಇಲ್ಲಿ ಕಮ್ಮಿ, 500 ಅಲ್ಲಿ ಕಮ್ಮಿ, ಕೊನೆಗೆ ಸರಿಸಮ. ಒಂದೇ ತರದ ಮಸಿ, ಒಂದೇ ತರದ ತಪ್ಪು, ಆಗಲ್ಲ ಅನ್ನೋ ಹಾಗಿಲ್ಲ. ನಾನಾಗಿದ್ದರೆ ಬ್ಯಾಲೆನ್ಸ್ ಕಾಲಮ್ ಮತ್ತೆ ಓದಿಸಿ, ರಾಣಿಯವರ ಫಾರ್ಮುಲಾ ಎಳೆದು, ಎಲ್ಲ ಸಾಲೂ ಸೊನ್ನೆ ಬಂದಮೇಲೆ ಎದ್ದೇಳುತ್ತಿದ್ದೆ.

ಮಸಿಕುಡಿಕೆ

ಸಾರ್, ಅವಳನ್ನು ಹನ್ನೊಂದಕ್ಕೆ ಮನೆಗೆ ಕಳಿಸೋಣ ಅಂತಿದ್ದೆ. ಈಗ ಇಪ್ಪತ್ತಾರು ಹಾಳೆ ಮತ್ತೆ ಸ್ಕ್ಯಾನ್ ಮಾಡಬೇಕಾ?

ಎಕ್ಸೆಲ್_ರಾಣಿ

ಬೇಡ, ಅಳಿಸುವ ಮುಂಚಿನ ಫೈಲ್ ಆ ಹುಡುಗನ ಡೌನ್‌ಲೋಡ್ಸ್‌ನಲ್ಲಿ ಇದ್ದೇ ಇರುತ್ತೆ. statement(1), statement(2), statement_final, ನಾಲ್ಕು ಪ್ರತಿ.

ಕಟ್ಟೆಪುರಾಣ

ಹನ್ನೊಂದಕ್ಕೆ ಬಿಟ್ಟರೂ ಬಂದ್ ದಿನ ಆಟೋ ಸಿಗಲ್ಲ. ಇರಲಿ ಬಿಡಿ, ಇನ್ನೊಂದು ಗಂಟೆ ಕೂರಲಿ.

ಸರಗೂರು_ಸೀನ

ಬಂದ್ ಸಂಜೆ ಆರಕ್ಕೇ ಮುಗಿದಿತ್ತು ಮಾರಾಯ್ರೇ.